ಸಂಬಳದಾರರ ಆಪ್ಷನ್ ನಷ್ಟ: ಒಂದು ರಿಟರ್ನ್ ತುಂಬಿದ ಅನುಭವ

ಹುಬ್ಬಳ್ಳಿಯಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ನನ್ನದು. ಬರುವವರಲ್ಲಿ ಹೆಚ್ಚಿನವರು ಸಂಬಳದಾರರು. ಮೊದಲೆಲ್ಲ ಅವರ ಫಾರ್ಮ್ 16 ಮತ್ತು ಬ್ಯಾಂಕ್ ಬಡ್ಡಿಯ ವಿವರ ಸಿಕ್ಕರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಮಾತು ಮುಗಿಯುವ ಹೊತ್ತಿಗೆ ಅನೇಕರು ತುಸು ತಡವರಿಸಿ, ಷೇರಿನಲ್ಲಿ ಸ್ವಲ್ಪ ನಷ್ಟವಾಗಿದೆ, ಅದನ್ನು ತೋರಿಸಿದರೆ ತೆರಿಗೆ ಕಡಿಮೆಯಾಗುತ್ತದೆಯೇ ಎಂದು ಕೇಳುತ್ತಾರೆ. ವಿಚಾರಿಸಿದರೆ ಅದು ಷೇರು ಕೊಂಡು ಇಟ್ಟುಕೊಂಡವರ ನಷ್ಟವಾಗಿರುವುದಿಲ್ಲ. ನಿಫ್ಟಿ ಎಂಬ ಷೇರು ಸೂಚ್ಯಂಕ ಆ ವಾರ ಏರುತ್ತದೋ ಇಳಿಯುತ್ತದೋ ಎಂದು ಎಣಿಸಿ ಕೊಳ್ಳುವ ಒಪ್ಪಂದಗಳನ್ನು, ಅಂದರೆ ವಾರದ ಆಪ್ಷನ್‌ಗಳನ್ನು ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರಿದವರ ನಷ್ಟವಾಗಿರುತ್ತದೆ. 2024-25ನೇ ಹಣಕಾಸು ವರ್ಷಕ್ಕೆ ನಾನು ತುಂಬಿದ ಅಂಥ ಒಂದು ರಿಟರ್ನಿನ ಕಾಗದಪತ್ರಗಳಲ್ಲಿ ಕಂಡದ್ದನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಅಂಕಿಗಳನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದು ಇಲ್ಲಿ ಬರೆಯುತ್ತಿದ್ದೇನೆ. ಇಂಥ ನಷ್ಟಕ್ಕೆ ಜನ ಸಾಮಾನ್ಯವಾಗಿ ಶಿಸ್ತಿನ ಕೊರತೆಯನ್ನೋ ದುರಾಸೆಯನ್ನೋ ಕಾರಣವೆಂದು ಹೇಳುತ್ತಾರೆ. ಕಾಗದಗಳನ್ನು ಒಂದೊಂದಾಗಿ ನೋಡಿದಾಗ ನನಗೆ ಕಂಡ ಕಾರಣ ಬೇರೆ.

ಅವರು ಧಾರವಾಡದ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ತಿಂಗಳಿಗೆ 70,000 ರೂಪಾಯಿ ಸಂಬಳ. ಮೊದಲ ದಿನ ಮೊಬೈಲ್ ಆ್ಯಪ್‌ನ ಲಾಭ-ನಷ್ಟದ ಪುಟವನ್ನಷ್ಟೇ ತೋರಿಸಿದರು. ಅದರಲ್ಲಿ 67,000 ರೂಪಾಯಿ ನಷ್ಟವಿತ್ತು. ಆದರೆ ಅವರ ಮಾತಿನಲ್ಲಿ ಸೋತವರ ಧಾಟಿ ಇರಲಿಲ್ಲ. "ನೂರರಾಗ ಅರವತ್ತು ಟ್ರೇಡ್ ಲಾಭದಾಗ ಅದಾವ್ರಿ ಸರ, ನಾಕೈದು ದಿನ ಕೆಟ್ಟು ಇಷ್ಟಾತು" ಎಂದರು. ಬ್ರೋಕರ್ ಸಂಸ್ಥೆಯ ಜಾಲತಾಣದಿಂದ ವರ್ಷದ ತೆರಿಗೆ ವರದಿ, ಲೆಡ್ಜರ್ ಮತ್ತು ದಿನದಿನದ ವ್ಯವಹಾರ ಮತ್ತು ಖರ್ಚಿನ ವಿವರವಿರುವ ಕಾಂಟ್ರಾಕ್ಟ್ ನೋಟ್‌ಗಳನ್ನು ಇಳಿಸಿಕೊಂಡು, ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆಗೆ ತರಬೇಕೆಂದು ಹೇಳಿ ಕಳಿಸಿದೆ.

ಇಂಥ ಲೆಕ್ಕದಲ್ಲಿ ನಾನು ಮೊದಲು ತೆರೆಯುವುದು ಬ್ಯಾಂಕ್ ಸ್ಟೇಟ್‌ಮೆಂಟನ್ನೇ. ಬ್ರೋಕರ್ ಖಾತೆಗೆ ಹೋದ ಹಣವೆಷ್ಟು, ಅಲ್ಲಿಂದ ಮರಳಿ ಬಂದದ್ದೆಷ್ಟು ಎಂಬ ಎರಡು ಮೊತ್ತಗಳು ಯಾವ ವರದಿಗಿಂತಲೂ ನಿಜ ಹೇಳುತ್ತವೆ. 2024ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ 1,60,000 ರೂಪಾಯಿ ಹೋಗಿತ್ತು. 50,000 ರೂಪಾಯಿ ಮರಳಿ ಬಂದಿತ್ತು. ಖಾತೆಯಲ್ಲಿ ಉಳಿದದ್ದು ಏನೂ ಇಲ್ಲ. ಮೊದಲ ದೊಡ್ಡ ಮೊತ್ತ ಅವಧಿಗೆ ಮುಂಚೆ ಮುರಿದ ಒಂದು ಆರ್‌ಡಿಯದು. ಆಮೇಲೆ ಪ್ರತಿ ತಿಂಗಳೂ ಸಂಬಳ ಜಮೆಯಾದ ಒಂದೆರಡು ದಿನಗಳಲ್ಲೇ ಎಂಟೋ ಹತ್ತೋ ಸಾವಿರ ಹೋಗಿದೆ. ಒಟ್ಟು ನಷ್ಟ 1,10,000 ರೂಪಾಯಿ. ಆ್ಯಪ್ ತೋರಿಸಿದ 67,000ಕ್ಕೂ ಇದಕ್ಕೂ 43,000 ರೂಪಾಯಿ ವ್ಯತ್ಯಾಸ. ಅವರು ಇದನ್ನು ನಂಬಲಿಲ್ಲ. ಎಲ್ಲೋ ಒಂದು ಜಮೆ ಬಿಟ್ಟುಹೋಗಿರಬೇಕೆಂದು ಸ್ಟೇಟ್‌ಮೆಂಟನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದರು. ಜಮೆ ಯಾವುದೂ ಬಿಟ್ಟುಹೋಗಿರಲಿಲ್ಲ. ಆ 43,000 ರೂಪಾಯಿ ಬ್ರೋಕರೇಜ್, ತೆರಿಗೆ ಮತ್ತು ಶುಲ್ಕಗಳ ರೂಪದಲ್ಲಿ ಹೋಗಿತ್ತು. ಆ್ಯಪ್‌ನ ಮುಖ್ಯ ಪುಟ ತೋರಿಸುತ್ತಿದ್ದದ್ದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸವನ್ನು ಮಾತ್ರ.

ಈ ಖರ್ಚು ಹೇಗೆ ಕೂಡುತ್ತದೆಂದು ತಿಳಿಯಲು ಫೆಬ್ರವರಿಯ ಒಂದು ಕಾಂಟ್ರಾಕ್ಟ್ ನೋಟನ್ನು ಅವರ ಮುಂದೆಯೇ ಬಿಡಿಸಿದೆ. ಆಪ್ಷನ್ನನ್ನು ಬಿಡಿಯಾಗಿ ಕೊಳ್ಳಲಾಗದು, ಲಾಟ್ ಎಂಬ ಕಟ್ಟಿನಲ್ಲೇ ಕೊಳ್ಳಬೇಕು. ಆ ಹೊತ್ತಿಗೆ ನಿಫ್ಟಿಯ ಒಂದು ಲಾಟ್ ಎಂದರೆ 75. ಅವರು ಒಂದು ಲಾಟನ್ನು ಪ್ರೀಮಿಯಂ, ಅಂದರೆ ಆಪ್ಷನ್ನಿನ ಬೆಲೆ, 120 ರೂಪಾಯಿಯಂತೆ, ಅಂದರೆ 9,000 ರೂಪಾಯಿಗೆ ಕೊಂಡು, ಸ್ವಲ್ಪ ಹೊತ್ತಿನಲ್ಲಿ 128ಕ್ಕೆ ಮಾರಿದ್ದರು. 600 ರೂಪಾಯಿ ಲಾಭ. ಕೊಂಡದ್ದಕ್ಕೊಂದು, ಮಾರಿದ್ದಕ್ಕೊಂದು ಎಂದು ಆರ್ಡರಿಗೆ 20ರಂತೆ ಬ್ರೋಕರೇಜ್ 40 ರೂಪಾಯಿ. ಮಾರಿದ ಪ್ರೀಮಿಯಂ ಮೇಲೆ ಶೇ. 0.1ರಂತೆ ಷೇರುಪೇಟೆ ವ್ಯವಹಾರದ ತೆರಿಗೆಯಾದ ಎಸ್‌ಟಿಟಿ ಸುಮಾರು 10 ರೂಪಾಯಿ. ಈ ದರ 2024ರ ಅಕ್ಟೋಬರ್ 1ಕ್ಕಿಂತ ಮೊದಲು ಶೇ. 0.0625 ಇತ್ತು. ಎಕ್ಸ್‌ಚೇಂಜಿನ ಶುಲ್ಕ ಆರೂವರೆ ರೂಪಾಯಿ. ಬ್ರೋಕರೇಜ್ ಮತ್ತು ಎಕ್ಸ್‌ಚೇಂಜ್ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, ಅದು ಎಂಟು ರೂಪಾಯಿಗೂ ಸ್ವಲ್ಪ ಹೆಚ್ಚು. ಸ್ಟ್ಯಾಂಪ್ ಡ್ಯೂಟಿ ಮತ್ತು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಶುಲ್ಕ ಪೈಸೆಗಳ ಲೆಕ್ಕ. ಎಲ್ಲ ಸೇರಿ 65 ರೂಪಾಯಿ. 600ರಲ್ಲಿ 65 ಕಳೆದರೆ 535 ಉಳಿಯಿತಲ್ಲ, ಇದರಲ್ಲೇನು ದೊಡ್ಡದು ಎಂದು ಅವರು ಕೇಳಿದರು.

ಒಂದು ವ್ಯವಹಾರವನ್ನಷ್ಟೇ ನೋಡಿದರೆ ದೊಡ್ಡದಲ್ಲ. ಆದರೆ ಅವರು ಹತ್ತು ತಿಂಗಳಲ್ಲಿ ಸುಮಾರು 700 ವ್ಯವಹಾರ ಮಾಡಿದ್ದರು, ಅಂದರೆ ತಿಂಗಳಿಗೆ 70. ಲಾಟ್ ಇನ್ನೂ 25 ಇದ್ದ ತಿಂಗಳುಗಳನ್ನೂ ಸೇರಿಸಿ ಸರಾಸರಿ ಹಿಡಿದರೂ ಒಂದೊಂದಕ್ಕೆ 60 ರೂಪಾಯಿಗೂ ಹೆಚ್ಚು ಖರ್ಚು ಬಿದ್ದಿತ್ತು. ತಿಂಗಳಿಗೆ 4,300 ರೂಪಾಯಿ. ಲೆಡ್ಜರ್ ಪ್ರಕಾರ ಖಾತೆಯಲ್ಲಿ ಒಂದು ಹೊತ್ತಿಗೆ ಇರುತ್ತಿದ್ದ ಹಣ ಹೆಚ್ಚೆಂದರೆ 50,000. ಹಾಗಾಗಿ ಬಂಡವಾಳದ ಶೇ. 8ರಿಂದ 9ರಷ್ಟು ಪ್ರತಿ ತಿಂಗಳೂ ಖರ್ಚಿಗೇ ಹೋಗುತ್ತಿತ್ತು. ಬ್ಯಾಂಕಿನ ಠೇವಣಿ ಇಡೀ ವರ್ಷಕ್ಕೆ ಕೊಡುವ ಬಡ್ಡಿಗಿಂತ ಹೆಚ್ಚಿನದನ್ನು ಇವರು ತಿಂಗಳು ತಿಂಗಳೂ ಗಳಿಸಿದರೆ ಮಾತ್ರ ಇದ್ದಲ್ಲೇ ಇರಲು ಸಾಧ್ಯವಿತ್ತು. ಮೊದಲ ರೂಪಾಯಿ ಲಾಭ ಅದರಾಚೆಗೆ ಶುರುವಾಗುತ್ತಿತ್ತು. ಸಣ್ಣ ಬಂಡವಾಳವನ್ನು ಬೇಗ ದೊಡ್ಡದು ಮಾಡಬೇಕೆಂದರೆ ಮೇಲಿಂದ ಮೇಲೆ ಕೊಂಡು ಮಾರಲೇಬೇಕು, ಹಾಗೆ ಮಾಡಿದಷ್ಟೂ ಈ ಅಡ್ಡಗೋಡೆ ಎತ್ತರವಾಗುತ್ತ ಹೋಗುತ್ತದೆ. ಬ್ರೋಕರೇಜನ್ನು ಆರ್ಡರಿಗೆ ಇಷ್ಟೆಂದು ವಿಧಿಸುವುದರಿಂದ ಒಂದೆರಡು ಲಾಟ್ ಆಡುವವರ ಮೇಲೆ ಅದರ ಭಾರ ದೊಡ್ಡ ಮೊತ್ತದವರಿಗಿಂತ ಬಹಳ ಹೆಚ್ಚು ಬೀಳುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಇನ್ನು ನೂರಕ್ಕೆ ಅರವತ್ತು ಗೆಲುವಿನ ಮಾತು. ಅದು ನಿಜವೇ ಆಗಿತ್ತು. 700ರಲ್ಲಿ 420 ವ್ಯವಹಾರ ಲಾಭದಲ್ಲಿ, 280 ನಷ್ಟದಲ್ಲಿ ಮುಗಿದಿದ್ದವು. ಎರಡನ್ನೂ ಬೇರ್ಪಡಿಸಿ ಸರಾಸರಿ ತೆಗೆದಾಗ ಗೆದ್ದ ವ್ಯವಹಾರಕ್ಕೆ ಸಿಕ್ಕದ್ದು ತಲಾ 400 ರೂಪಾಯಿ, ಸೋತದ್ದಕ್ಕೆ ಹೋದದ್ದು ತಲಾ 840 ರೂಪಾಯಿ. ಗೆಲುವಿನ ಮೊತ್ತ 1,68,000. ಸೋಲಿನ ಮೊತ್ತ 2,35,000. ಆ್ಯಪ್ ತೋರಿಸಿದ 67,000 ಇದೇ ವ್ಯತ್ಯಾಸ. ಲಾಭ ಕಂಡ ಕೂಡಲೇ ಮಾರುವುದು, ನಷ್ಟದಲ್ಲಿದ್ದಾಗ ಬೆಲೆ ತಿರುಗೀತೆಂದು ಕಾಯುವುದು ಎಲ್ಲರ ಸ್ವಭಾವ. ಷೇರನ್ನು ಕೊಂಡವರಿಗೆ ಕಾಯುವುದು ಕೆಲವೊಮ್ಮೆ ಫಲ ಕೊಡುತ್ತದೆ. ಕಂಪನಿ ಚೆನ್ನಾಗಿದ್ದರೆ ಬೆಲೆ ಒಂದು ವರ್ಷದ ಮೇಲಾದರೂ ಮರಳಬಹುದು. ವಾರದ ಆಪ್ಷನ್ ಕೊಂಡವರಿಗೆ ಕಾಯಲು ದಿನಗಳೇ ಇರುವುದಿಲ್ಲ, ಮತ್ತು ಕಾಯುವ ಪ್ರತಿ ಗಂಟೆಗೂ ಅವರೇ ಹಣ ತೆರುತ್ತಿರುತ್ತಾರೆ.

ಇದು ಅವರಿಗೆ ಸ್ಪಷ್ಟವಾದದ್ದು ಅವರದೇ ಇನ್ನೊಂದು ವ್ಯವಹಾರದಿಂದ. ಆಗ ನಿಫ್ಟಿಯ ವಾರದ ಎಕ್ಸ್‌ಪೈರಿ, ಅಂದರೆ ಆಪ್ಷನ್ನಿನ ಅವಧಿ ಮುಗಿಯುವ ದಿನ, ಗುರುವಾರ ಇರುತ್ತಿತ್ತು. ಒಂದು ಮಂಗಳವಾರ ಬೆಳಿಗ್ಗೆ ನಿಫ್ಟಿ 23,050 ಇದ್ದಾಗ, ಅದು ಮೇಲೇರುತ್ತದೆಂದು ಎಣಿಸಿ, ನಿಫ್ಟಿ 23,200 ದಾಟಿದರೆ ಹಣ ತರುವ, 23,200ರ ಕಾಲ್ ಆಪ್ಷನ್ನಿನ ಒಂದು ಲಾಟನ್ನು 70 ರೂಪಾಯಿಯಂತೆ 5,250 ರೂಪಾಯಿ ಕೊಟ್ಟು ಕೊಂಡಿದ್ದರು. ಅವರ ಎಣಿಕೆ ಸರಿಯಾಗಿಯೇ ಇತ್ತು. ಬುಧವಾರ ನಿಫ್ಟಿ 23,110ಕ್ಕೆ ಏರಿತು, ಆದರೆ ಪ್ರೀಮಿಯಂ 60ಕ್ಕೆ ಇಳಿದಿತ್ತು. ಗುರುವಾರ ಮಧ್ಯಾಹ್ನ ನಿಫ್ಟಿ 23,150, ಪ್ರೀಮಿಯಂ 30. ದಿನದ ಕೊನೆಗೆ ನಿಫ್ಟಿ 23,170ರಲ್ಲಿ ನಿಂತಿತು. ಸೂಚ್ಯಂಕ 120 ಅಂಶ ಮೇಲೇರಿದ್ದರೂ ಅದು 23,200 ದಾಟದ ಕಾರಣ ಆಪ್ಷನ್ನಿನ ಬೆಲೆ ಸೊನ್ನೆಯಾಯಿತು. ಕೊಟ್ಟ 5,250 ರೂಪಾಯಿ ಪೂರ್ತಿ ಹೋಯಿತು. ಎಕ್ಸ್‌ಪೈರಿವರೆಗೆ ಇಟ್ಟುಕೊಂಡರೆ ಅಸಲಾದರೂ ಬರಬೇಕಿದ್ದರೆ ನಿಫ್ಟಿ 23,270 ಮುಟ್ಟಬೇಕಿತ್ತು, ಅಂದರೆ ಮೂರು ದಿನದೊಳಗೆ 220 ಅಂಶ ಏರಬೇಕಿತ್ತು. ಆಪ್ಷನ್ ಕೊಳ್ಳುವವರು ಮಾರುಕಟ್ಟೆ ಯಾವ ಕಡೆ ಹೋಗುತ್ತದೆ ಎಂಬುದರ ಜೊತೆಗೆ ಎಷ್ಟು ದೂರ ಹೋಗುತ್ತದೆ, ಯಾವ ದಿನದೊಳಗೆ ಹೋಗುತ್ತದೆ ಎಂಬುದನ್ನೂ ಸರಿಯಾಗಿ ಹೇಳಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಣ ಹೋಗುತ್ತದೆ. ಉಳಿದಿರುವ ಸಮಯಕ್ಕೂ ಪ್ರೀಮಿಯಂನಲ್ಲಿ ಬೆಲೆ ಸೇರಿರುತ್ತದೆ. ದಿನ ಕಳೆದಂತೆ ಆ ಬೆಲೆ ಕರಗುತ್ತದೆ, ಕೊನೆಯ ಎರಡು ದಿನಗಳಲ್ಲಿ ಬಹಳ ವೇಗವಾಗಿ ಕರಗುತ್ತದೆ. ಸಂಬಳದಾರರು ಆರಿಸಿಕೊಳ್ಳುವುದು ಹೆಚ್ಚಾಗಿ ಅದೇ ಕೊನೆಯ ಎರಡು ದಿನಗಳನ್ನು, ಏಕೆಂದರೆ ಪ್ರೀಮಿಯಂ ಆಗ ಅಗ್ಗವಾಗಿ ಕಾಣುತ್ತದೆ.

ಹಾಗಾದರೆ ಆಪ್ಷನ್ ಕೊಳ್ಳುವ ಬದಲು ನಾವೇ ಇನ್ನೊಬ್ಬರಿಗೆ ಮಾರಿ ಪ್ರೀಮಿಯಂ ಪಡೆಯಬಹುದಲ್ಲ ಎಂದು ಅವರು ಕೇಳಿದರು. ಮಾರಬಹುದು. ಆದರೆ ಒಂದು ಲಾಟ್ ಮಾರಲು ಲಕ್ಷಕ್ಕೂ ಹೆಚ್ಚು ಹಣವನ್ನು ಮಾರ್ಜಿನ್ ಎಂಬ ಭದ್ರತೆಯಾಗಿ ಇಡಬೇಕು, ಮತ್ತು ಸೂಚ್ಯಂಕ ಒಮ್ಮೆಲೇ ದೂರ ಹೋದರೆ ಕಾಲ್ ಮಾರಿದವರ ನಷ್ಟಕ್ಕೆ ಮಿತಿಯಿಲ್ಲ. ವಾರಗಟ್ಟಲೆ ಸಣ್ಣ ಸಣ್ಣ ಪ್ರೀಮಿಯಂ ಗಳಿಸಿ ಒಂದೇ ದಿನ ಅದರ ಹಲವು ಪಟ್ಟು ಕಳೆದುಕೊಂಡವರ ಲೆಕ್ಕಗಳನ್ನೂ ನಾನು ನೋಡಿದ್ದೇನೆ. ಕಾರ್ಖಾನೆಯ ಪಾಳಿಯಲ್ಲಿ ನಿಂತವರು ಆ ಹೊತ್ತಿಗೆ ಮೊಬೈಲ್ ನೋಡುವ ಸ್ಥಿತಿಯಲ್ಲೂ ಇರುವುದಿಲ್ಲ.

ಎದುರಿಗೆ ಯಾರಿದ್ದಾರೆ ಎಂಬುದೂ ಮುಖ್ಯ. ಆಪ್ಷನ್ಸ್ ಮತ್ತು ಅದೇ ಬಗೆಯ ಇನ್ನೊಂದು ಒಪ್ಪಂದವಾದ ಫ್ಯೂಚರ್ಸ್ ಎರಡರಲ್ಲೂ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಕಂಪನಿಯ ಗಳಿಕೆಯಿಂದ ಹೊಸ ಹಣ ಬರುವುದಿಲ್ಲ, ಪ್ರತಿ ಸುತ್ತಿನಲ್ಲೂ ಶುಲ್ಕ ಮಾತ್ರ ಹೊರಹೋಗುತ್ತದೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93ರಷ್ಟು ಜನ ನಷ್ಟ ಅನುಭವಿಸಿದರು, ತಲಾ ಸರಾಸರಿ ಸುಮಾರು ಎರಡು ಲಕ್ಷ ರೂಪಾಯಿ. ಖರ್ಚು ಕಳೆದ ಮೇಲೆ ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ. 1ರಷ್ಟು ಮಾತ್ರ. 2023-24ರಲ್ಲಿ ಬ್ರೋಕರ್ ಸಂಸ್ಥೆಗಳ ಸ್ವಂತ ಖಾತೆಯ ವ್ಯವಹಾರಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ರೂಪಾಯಿ ಲಾಭ ಮಾಡಿದವು. ಅದರ ಬಹುಪಾಲು ಬಂದದ್ದು ಕಂಪ್ಯೂಟರ್ ತಾನಾಗಿ ಆರ್ಡರ್ ಹಾಕುವ ವ್ಯವಸ್ಥೆಗಳಿಂದ. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಚಾರ್ಟ್ ನೋಡಿ ಹಾಕಿದ ಆರ್ಡರಿನ ಇನ್ನೊಂದು ತುದಿಯಲ್ಲಿ ಇರುವುದು ಇಂಥ ವ್ಯವಸ್ಥೆ. ಹತ್ತರಲ್ಲಿ ಒಂಬತ್ತು ಜನರಿಗೆ ನಷ್ಟವಾಗುತ್ತದೆಂಬ ಎಚ್ಚರಿಕೆ ಆ್ಯಪ್ ತೆರೆದಾಗ ಬರುತ್ತಿತ್ತೆಂದೂ, ಅದನ್ನು ಓದದೆ ಒತ್ತಿ ಮುಂದೆ ಹೋಗುತ್ತಿದ್ದುದಾಗಿಯೂ ಅವರೇ ಹೇಳಿದರು. ಅವರನ್ನು ದೂಷಿಸಲು ನನಗೆ ಮನಸ್ಸಾಗಲಿಲ್ಲ. ದಿನವೂ ಕಾಣುವ ಬರಹವನ್ನು ಯಾರೂ ಓದುವುದಿಲ್ಲ.

ಅವರ ವರದಿಯಲ್ಲಿ ಷೇರುಗಳನ್ನು ಅದೇ ದಿನ ಕೊಂಡು ಮಾರಿದ ಒಂದಷ್ಟು ಇಂಟ್ರಾಡೇ ವ್ಯವಹಾರಗಳೂ ಇದ್ದವು. ಲಾಭವೂ ನಷ್ಟವೂ ಹೆಚ್ಚುಕಡಿಮೆ ಸಮವಾಗಿದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕಾನೂನಿನಲ್ಲಿ ಸಟ್ಟಾ ವ್ಯವಹಾರ, ಬೇರೆಯೇ ಕಾಲಮ್ಮಿನಲ್ಲಿ ಹೋಗುತ್ತದೆ; ಅದರ ನಷ್ಟವನ್ನು ಅಂಥದೇ ಲಾಭದಲ್ಲಿ, ನಾಲ್ಕು ವರ್ಷದೊಳಗೆ ಮಾತ್ರ ಕಳೆಯಬಹುದು. ಇಂಟ್ರಾಡೇ ಮಾಡುವ ಹತ್ತರಲ್ಲಿ ಏಳು ಜನರಿಗೆ 2022-23ರಲ್ಲಿ ನಷ್ಟವಾಗಿತ್ತೆಂದು ಸೆಬಿಯ ಇನ್ನೊಂದು ಅಧ್ಯಯನ ಹೇಳುತ್ತದೆ.

ಇಷ್ಟು ಲೆಕ್ಕ ಹೊಂದಿಸಿಕೊಂಡ ಮೇಲೆ ರಿಟರ್ನಿನ ಕೆಲಸ. ಆಪ್ಷನ್ ವ್ಯವಹಾರವನ್ನು ಆದಾಯ ತೆರಿಗೆ ಕಾನೂನು ಬಿಸಿನೆಸ್ ಎಂದು ಪರಿಗಣಿಸುತ್ತದೆ. ಆದ್ದರಿಂದ ಸಂಬಳದಾರರ ಸರಳ ಐಟಿಆರ್-1 ಇಲ್ಲಿ ನಡೆಯುವುದಿಲ್ಲ, ಐಟಿಆರ್-3 ತುಂಬಬೇಕು. ಅದರಲ್ಲಿ ವಹಿವಾಟಿನ ಮೊತ್ತ ಕೊಡಬೇಕಾಗುತ್ತದೆ. ಲಾಭ ಮತ್ತು ನಷ್ಟಗಳನ್ನು ಒಂದರಿಂದೊಂದು ಕಳೆಯದೆ ಕೂಡಿಸಿದರೆ ಬರುವ ಮೊತ್ತ ಅದು. ಇವರದು 1,68,000 ಮತ್ತು 2,35,000 ಸೇರಿ 4,03,000 ರೂಪಾಯಿ. ಖರ್ಚುಗಳನ್ನು ತೋರಿಸಿ ನಿವ್ವಳ ನಷ್ಟ 1,10,000 ಎಂದು ಬರೆದೆ.

ಅವರು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದ ಒಂದು ಮಾತು ಇಲ್ಲಿ ನಿಲ್ಲಲಿಲ್ಲ. ವರ್ಷದ ಸಂಬಳ 8,40,000. ಹೊಸ ತೆರಿಗೆ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 7,65,000. ಇದರಲ್ಲಿ ನಷ್ಟದ 1,10,000 ಕಳೆದರೆ 6,55,000 ಆಗುತ್ತದೆ, ಆ ವರ್ಷ ಏಳು ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ತೆರಿಗೆಯೇ ಬರುವುದಿಲ್ಲ ಎಂಬುದು ಅವರ ಲೆಕ್ಕ. ಸಹೋದ್ಯೋಗಿ ಒಬ್ಬರು ಹಾಗೆ ಹೇಳಿದ್ದರಂತೆ. ಆದರೆ ಬಿಸಿನೆಸ್ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಹೀಗಾಗಿ 7,65,000ಕ್ಕೆ ಸೆಸ್ ಸೇರಿ 27,560 ರೂಪಾಯಿ ತೆರಿಗೆ ನಿಂತಿತು. ಒಂದೂವರೆ ತಿಂಗಳ ಸಂಬಳದಷ್ಟು ಹಣ ಕಳೆದುಕೊಂಡ ವರ್ಷದಲ್ಲೂ, ಏನೂ ಕಳೆದುಕೊಳ್ಳದವರು ಕಟ್ಟುವಷ್ಟೇ ತೆರಿಗೆ. ಠೇವಣಿಯ ಬಡ್ಡಿ 6,000 ರೂಪಾಯಿ ಇತ್ತು. ಅದರಲ್ಲಿ ನಷ್ಟವನ್ನು ಕಳೆಯಬಹುದಾದ್ದರಿಂದ ಅಷ್ಟು ಮಾತ್ರ ಹೊಂದಿಸಿದೆ.

ಉಳಿದ 1,04,000 ರೂಪಾಯಿ ನಷ್ಟವನ್ನು ಮುಂದಿನ ಎಂಟು ವರ್ಷಗಳಿಗೆ ಒಯ್ಯಬಹುದು, ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಮಾತ್ರ. ಆ ವರ್ಷ ಗಡುವು ಜುಲೈ 31ರಿಂದ ಮುಂದಕ್ಕೆ ಹೋಗಿ ಕೊನೆಗೆ ಸೆಪ್ಟೆಂಬರ್ 16ಕ್ಕೆ ನಿಂತಿತ್ತು. ನಾವು ಅದಕ್ಕೂ ಮುಂಚೆ ಸಲ್ಲಿಸಿದೆವು. ಇದನ್ನು ವಿವರಿಸುವಾಗ ಅವರ ಪತ್ನಿಯೂ ಜೊತೆಗಿದ್ದರು. "ಹಂಗಾದ್ರ ಈ ಒಂದು ಲಕ್ಷ ನಮಗ ಯಾವಾಗ ಉಪಯೋಗಕ್ಕ ಬರತೈತ್ರಿ?" ಎಂದು ಅವರು ಕೇಳಿದ ಪ್ರಶ್ನೆ ನೇರವಾಗಿತ್ತು. ಒಯ್ದ ನಷ್ಟವನ್ನು ಮುಂದೆ ಬರುವ ಬಿಸಿನೆಸ್ ಲಾಭದಲ್ಲಿ ಮಾತ್ರ ಕಳೆಯಬಹುದು. ಸಂಬಳದಾರರಿಗೆ ಬೇರೆ ಬಿಸಿನೆಸ್ ಇಲ್ಲವೆಂದರೆ ಆ ಲಾಭ ಬರಬೇಕಾದದ್ದು ಮತ್ತೆ ಆಪ್ಷನ್ ಆಡಿಯೇ. ಹಳೆಯ ನಷ್ಟ ವ್ಯರ್ಥವಾಗಬಾರದೆಂದು ಮರುವರ್ಷ ಇನ್ನೂ ಹೆಚ್ಚು ಹಣ ಹಾಕಿದವರನ್ನು ನಾನು ಕಂಡಿದ್ದೇನೆ. ಸತತ ಎರಡು ವರ್ಷ ನಷ್ಟವಾದ ಮೇಲೂ ಶೇ. 75ಕ್ಕೂ ಹೆಚ್ಚು ಜನ ಆಡುವುದನ್ನು ಬಿಡಲಿಲ್ಲವೆಂದು ಸೆಬಿಯ ಅದೇ ಅಧ್ಯಯನದಲ್ಲಿದೆ. ಆದ್ದರಿಂದ ಒಂದು ಲಕ್ಷ ಕಳೆಯಲು ಸಿಗುವ ಅವಕಾಶವನ್ನು ಸಾಲ ಕೊಟ್ಟ ಹಣದಂತೆ ಎಣಿಸಬೇಡಿ, ಲಾಭವಾದರೆ ಅದರ ಮೇಲಿನ ತೆರಿಗೆ ಉಳಿಯುತ್ತದೆ ಅಷ್ಟೇ, ಹೋದ ಹಣ ಅದರಿಂದ ಬರುವುದಿಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ.

2024ರ ನವೆಂಬರ್‌ನಿಂದ ಸೆಬಿ ಹಲವು ಬದಲಾವಣೆ ತಂದಿದೆ. ವಾರದ ಎಕ್ಸ್‌ಪೈರಿಯನ್ನು ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕಕ್ಕೆ ಸೀಮಿತಗೊಳಿಸಿತು. ಒಪ್ಪಂದದ ಕನಿಷ್ಠ ಗಾತ್ರವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ನಿಫ್ಟಿಯ ಲಾಟ್ 25ರಿಂದ 75ಕ್ಕೆ ಹೋದದ್ದು ಇದರಿಂದಲೇ. ಸಣ್ಣವರು ದೂರ ಸರಿಯಲಿ ಎಂಬ ಉದ್ದೇಶ ಸರಿಯಾದದ್ದೇ, ಮತ್ತು ಕೆಲವರು ಸರಿದಿದ್ದಾರೆ. ಸರಿಯದೆ ಉಳಿದವರಿಗೆ ಮಾತ್ರ ಒಂದೊಂದು ಸೋಲೂ ಮೂರು ಪಟ್ಟು ದೊಡ್ಡದಾಯಿತು. ಈ ಎಂಜಿನಿಯರರ ಲೆಡ್ಜರಿನಲ್ಲಿ ಜನವರಿಯಿಂದಾಚೆಗೆ ನಷ್ಟದ ಸಾಲುಗಳು ಇದ್ದಕ್ಕಿದ್ದಂತೆ ದೊಡ್ಡದಾಗಿರುವುದು ಹಾಗಾಗಿಯೇ. ಅವರು ತಮ್ಮ ಕೈ ಕೆಟ್ಟಿತೆಂದು ತಿಳಿದಿದ್ದರು. 2024-25ರ ಲೆಕ್ಕ ಹಾಕಿ ಸೆಬಿ 2025ರ ಜುಲೈನಲ್ಲಿ ಕೊಟ್ಟ ವರದಿಯಲ್ಲೂ ನಷ್ಟ ಕಂಡವರು ಶೇ. 91ರಷ್ಟೇ ಇದ್ದಾರೆ, ವ್ಯಕ್ತಿಗಳ ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿ ದಾಟಿದೆ.

ರಿಟರ್ನ್ ಸಲ್ಲಿಸಿ, ಆಧಾರ್ ಒಟಿಪಿಯಿಂದ ದೃಢೀಕರಿಸಿದ ಮೇಲೆ ಅವರು ಬ್ರೋಕರ್ ಆ್ಯಪ್‌ನ ಖಾತೆಯ ವಿವರಗಳಿಗೆ ಹೋಗಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗವನ್ನು ನಿಷ್ಕ್ರಿಯಗೊಳಿಸಿದರು. ಡಿಮ್ಯಾಟ್ ಖಾತೆಯನ್ನೇ ಮುಚ್ಚಬೇಕಿಲ್ಲ. ಷೇರು ಮತ್ತು ಮ್ಯೂಚುವಲ್ ಫಂಡ್ ಹಾಗೆಯೇ ಮುಂದುವರಿಯುತ್ತವೆ, ಈ ವಿಭಾಗವೊಂದನ್ನೇ ತೆಗೆಸಬಹುದು. ಮತ್ತೆ ತೆರೆಸಬೇಕಾದರೆ ಹೊಸದಾಗಿ ಅರ್ಜಿ ಹಾಕಿ ಆದಾಯದ ದಾಖಲೆ ಕೊಡಬೇಕಾಗುತ್ತದೆ. ಅಷ್ಟು ತಡವಾದರೆ ಸಾಕು ಎಂದು ಅವರ ಪತ್ನಿ ಹೇಳಿದರು. ಈಗ ಷೇರಿನ ನಷ್ಟವೆಂದು ಬರುವ ಪ್ರತಿಯೊಬ್ಬರಿಗೂ ನಾನು ಆ್ಯಪ್‌ನ ಪುಟ ನೋಡುವ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬ್ರೋಕರ್ ಹೆಸರಿರುವ ಸಾಲುಗಳನ್ನಷ್ಟೇ ಗುರುತು ಮಾಡಿ, ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಕೂಡಿಸಿಕೊಂಡು ಬರಲು ಹೇಳುತ್ತೇನೆ.